ಡ್ಯೂಟಿ ಬದಲಿಗೆ ನಾಲ್ಕು ಸಾಲು

‘ಸರ್, ಗುರುವಾರ ಸ್ವಲ್ಪ ಕೆಲಸ ಇದೆ, ಮಹೇಶ್ ನೋಡ್ಕೊಳ್ತಾರೆ.’ ಹೋಟೆಲ್ ಸೂಪರ್‌ವೈಸರ್‌ಗಳ ಮೊಬೈಲ್‌ಗೆ ಇಂಥ ಸಂದೇಶಗಳು ಬರುತ್ತಲೇ ಇರುತ್ತವೆ. ಇದರಲ್ಲಿ ಮರ್ಯಾದೆಗೇನೂ ಕೊರತೆಯಿಲ್ಲ, ಆದರೆ ವಿಷಯ ಅರ್ಧವೇ ಇದೆ. ಯಾವ ಶಿಫ್ಟ್? ಮಹೇಶ್ ಒಪ್ಪಿದ್ದಾರಾ? ಅವರ ಜಾಗಕ್ಕೆ ಯಾರು? ಇಷ್ಟನ್ನು ಮರಳಿ ಕೇಳುವುದಕ್ಕಿಂತ ‘ಆಗಲ್ಲ’ ಅಂದುಬಿಡುವುದು ಅವರಿಗೆ ಸುಲಭ.

ಹೌಸ್‌ಕೀಪಿಂಗ್‌ನ ಹುಡುಗನೊಬ್ಬ ಹೀಗೆ ಬರೆಯಬಹುದು:

‘ನಮಸ್ಕಾರ ಸರ್. 12ನೇ ತಾರೀಕು ಗುರುವಾರ ನನಗೆ ಮಧ್ಯಾಹ್ನ 3ರಿಂದ ರಾತ್ರಿ 11ರ ಡ್ಯೂಟಿ ಇದೆ. ಅಂದು ಸಂಜೆ ತಂಗಿಯ ನಿಶ್ಚಿತಾರ್ಥ. ಬೆಳಗ್ಗೆ 7ರ ಶಿಫ್ಟ್‌ನ ಮಹೇಶ್ ನನ್ನ ಡ್ಯೂಟಿಗೆ ಬರಲು ಒಪ್ಪಿದ್ದಾರೆ, ಅವರದನ್ನು ನಾನು ಮಾಡುತ್ತೇನೆ. ದಯವಿಟ್ಟು ಅನುಮತಿ ಕೊಟ್ಟು ರೋಸ್ಟರ್‌ನಲ್ಲಿ ಬದಲಿಸಿಕೊಡಿ.’

ಕಾರಣಕ್ಕೆ ಒಂದೇ ವಾಕ್ಯ ಸಾಕು. ಕಥೆ ಉದ್ದವಾದಷ್ಟೂ ಓದುವವರಿಗೆ ಅನುಮಾನ ಹೆಚ್ಚು.

ಇಷ್ಟಾದರೂ ಒಂದು ತೊಡಕು ಉಳಿದಿದೆ. ಹುಡುಗನಿಗೆ ಬುಧವಾರವೂ ಸಂಜೆಯ ಪಾಳಿಯೇ ಇದ್ದರೆ, ರಾತ್ರಿ 11ಕ್ಕೆ ಕೆಲಸ ಬಿಟ್ಟವನು ಗುರುವಾರ ಬೆಳಗ್ಗೆ 7ಕ್ಕೆ ಹಾಜರಾಗಬೇಕು. ನಡುವೆ ಸಿಗುವುದು 8 ಗಂಟೆ, ಮನೆಗೆ ಹೋಗಿಬರುವ ಹೊತ್ತೂ ಅದರಲ್ಲೇ. ಶುಕ್ರವಾರ ಬೆಳಗ್ಗೆ ಮಹೇಶ್‌ಗೂ ಇದೇ ಪಾಡು. ಅನುಭವಿ ಸೂಪರ್‌ವೈಸರ್ ಮೊದಲು ನೋಡುವುದೇ ಇದನ್ನು. ಹಾಗಾಗಿ ಹಿಂದಿನ, ಮುಂದಿನ ದಿನದ ರೋಸ್ಟರ್ ನೋಡಿಯೇ ಜೊತೆಗಾರನನ್ನು ಆರಿಸಿಕೊಳ್ಳಬೇಕು. ‘ಬುಧವಾರ ನನಗೆ, ಶುಕ್ರವಾರ ಅವರಿಗೆ ವಾರದ ರಜೆ’ ಎಂದು ಸೇರಿಸುವಂತಿದ್ದರೆ ಅರ್ಧ ಕೆಲಸ ಆದಂತೆ. ಬದಲಿಗೆ ಬರುವವರು ಅದೇ ಕೆಲಸ ಬಲ್ಲವರಾಗಿರಬೇಕು. ರಿಸೆಪ್ಷನ್‌ನಲ್ಲಿ ಬಿಲ್ ಮಾಡುವವರ ಜಾಗಕ್ಕೆ ಬೆಲ್‌ಬಾಯ್ ಬಂದು ನಿಂತರೆ ನಡೆಯದು.

ಬಾಯಿಮಾತಿನ ಒಪ್ಪಿಗೆ ಸಾಲದು. ರೋಸ್ಟರ್ ತಿದ್ದದಿದ್ದರೆ ಬೆರಳಚ್ಚಿನ ಹಾಜರಿಗೂ ಪಟ್ಟಿಗೂ ತಾಳೆಯಾಗದೆ, ತಿಂಗಳ ಕೊನೆಗೆ ಇಬ್ಬರ ಸಂಬಳದಲ್ಲೂ ತಕರಾರು ಏಳಬಹುದು.

ರಜೆ ಅರ್ಜಿಯಲ್ಲಿ ಮರಳುವ ದಿನ, ಶಿಫ್ಟ್ ಇರಲೇಬೇಕು: ‘ಊರಿನ ಜಾತ್ರೆಗಾಗಿ 18ರಿಂದ 20ರವರೆಗೆ ಮೂರು ದಿನ ರಜೆ ಕೊಡಬೇಕಾಗಿ ವಿನಂತಿ. 21ರ ಬೆಳಗಿನ ಶಿಫ್ಟ್‌ಗೆ ಹಾಜರಾಗುತ್ತೇನೆ.’ ಮುಂದಿನ ವಾರದ ರೋಸ್ಟರ್ ಗೋಡೆಗೆ ಅಂಟಿಸುವ ಮೊದಲೇ ಇದನ್ನು ಕೊಡಿ. ಮದುವೆ ಸೀಸನ್‌ನಲ್ಲಿ, ಮೈಸೂರಾದರೆ ದಸರಾ ಹೊತ್ತಿನಲ್ಲಿ, ಇನ್ನೂ ಮುಂಚೆ.

ದಿಢೀರನೆ ಜ್ವರ ಬಂದರೆ ಮೊದಲು ಫೋನ್, ಆಮೇಲೆ ಸಂದೇಶ. ಬೆಳಗಿನ ಜಾವ ಕಳಿಸಿದ ಸಂದೇಶವನ್ನು ಯಾರೂ ನೋಡದೇ ಇರಬಹುದು. ಕಾಯಿಲೆಯ ವಿವರ ಎಲ್ಲರಿಗೂ ಹೇಳಬೇಕಾಗಿಲ್ಲ, ಆದರೆ ಅಡುಗೆಮನೆಯವರು ವಾಂತಿ, ಭೇದಿಯನ್ನು ಮುಚ್ಚಿಡಬಾರದು. ‘ರಾತ್ರಿಯಿಂದ ವಾಂತಿ, ಭೇದಿ ಇದೆ ಸರ್. ಆಹಾರ ಮುಟ್ಟುವ ಸ್ಥಿತಿಯಲ್ಲಿಲ್ಲ, ಇಂದು ಅನಾರೋಗ್ಯದ ರಜೆ ಕೊಡಿ’ ಎಂದು ಬಿಡಿಸಿ ಹೇಳಿದರೆ, ಶೆಫ್ ಬೇರೆಯವರನ್ನು ಕರೆಸಿಕೊಳ್ಳುತ್ತಾರೆ.