ಬೆಲ್ಲದ ಚಹಾದಲ್ಲಿ ಹಾಲು ಒಡೆಯದಿರಲು ಏನು ಮಾಡಬೇಕು?



ಸಂಘದ ಕಾರ್ಯಕ್ರಮಗಳಲ್ಲಿ ಸಕ್ಕರೆ ಚಹಾದ ಬದಲು ಬೆಲ್ಲದ ಚಹಾ ಮಾಡಿರೆಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟ ಕಡೆಯವರಿಗೆ ಈ ಚಹಾ ಹೊಸದೇನಲ್ಲ. ಆದರೆ ಮನೆಯಲ್ಲಿ ನಾಲ್ಕು ಕಪ್ಪು ಒಡೆದರೆ ಚೆಲ್ಲಿ ಮತ್ತೆ ಮಾಡಬಹುದು. ಅರವತ್ತು ಜನ ಕಾದು ಕುಳಿತಿರುವಾಗ ಪಾತೇಲಿಯ ಹಾಲೆಲ್ಲ ಒಡೆದರೆ, ಮತ್ತೆ ಹಾಲು ತಂದು ಕಾಯಿಸುವಷ್ಟರಲ್ಲಿ ಸಭೆಯೇ ಮುಗಿದಿರುತ್ತದೆ. ಆದ್ದರಿಂದ ಹಾಲು ಒಡೆಯುವುದು ಏಕೆ, ತಡೆಯುವುದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹಾಲಿನಲ್ಲಿರುವ ಮುಖ್ಯ ಪ್ರೋಟೀನಿಗೆ ಕೇಸಿನ್ ಎಂದು ಹೆಸರು. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಈ ಉಂಡೆಗಳು ಒಂದನ್ನೊಂದು ದೂರ ತಳ್ಳುವುದರಿಂದ ಹಾಲು ಒಂದೇ ಸಮನಾಗಿ ಇರುತ್ತದೆ. ಹುಳಿ ಸೇರಿದಾಗ ಆ ತಳ್ಳುವ ಶಕ್ತಿ ಕುಂದಿ, ಉಂಡೆಗಳು ಕೂಡಿಕೊಂಡು ಗಡ್ಡೆಯಾಗುತ್ತವೆ. ತಣ್ಣಗಿನ ಹಾಲು ಹೀಗಾಗಲು ಮೊಸರಿನಷ್ಟು ಹುಳಿ ಬೇಕು. ಕುದಿಯುವ ಹಾಲಿಗೆ ಅದಕ್ಕಿಂತ ಬಹಳ ಕಡಿಮೆ ಹುಳಿ ಸಾಕು. ಹುಳಿ ಮತ್ತು ಬಿಸಿ ಎರಡೂ ಒಟ್ಟಿಗೆ ಬೀಳದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಚಹಾದಲ್ಲಿ ಹುಳಿ ಎಲ್ಲಿಂದ ಬರುತ್ತದೆ? ಮೊದಲನೆಯದು ಹಾಲಿನಿಂದಲೇ. ಬೆಳಿಗ್ಗೆ ಕರೆದ ಹಾಲನ್ನು ಕಾಯಿಸದೆ ಬೇಸಿಗೆಯ ಮಧ್ಯಾಹ್ನದವರೆಗೆ ಇಟ್ಟರೆ, ಅದು ಕುಡಿಯಲು ಸಿಹಿಯಾಗಿಯೇ ಕಂಡರೂ ಒಳಗೆ ಹುಳಿ ಏರಿರುತ್ತದೆ. ಹೊಸ ಹಾಲಿಗೆ ಹಿಂದಿನ ಹಾಲು ಬೆರೆಸಿದರೂ ಹೀಗೇ ಆಗುತ್ತದೆ. ಎರಡನೆಯದು ಬೆಲ್ಲದಿಂದ. ಕಬ್ಬಿನ ಹಾಲು ಸ್ವಭಾವದಿಂದಲೇ ಸ್ವಲ್ಪ ಹುಳಿ. ಗಾಣದವರು ಅದಕ್ಕೆ ಸುಣ್ಣ ಹಾಕಿ ಹದಕ್ಕೆ ತರುತ್ತಾರೆ. ಆ ಹದ ಪ್ರತಿ ಹಂಡೆಗೂ ಬೇರೆಯಾಗಿರುವುದರಿಂದ ಒಂದೇ ಅಂಗಡಿಯ ಎರಡು ಪೆಂಟೆ ಬೆಲ್ಲ ಎರಡು ರೀತಿ ವರ್ತಿಸುತ್ತವೆ. ಮಳೆಗಾಲದಲ್ಲಿ ನೀರು ಬಿಟ್ಟು ಜಿಗುಟಾದ ಹಳೆಯ ಬೆಲ್ಲದಲ್ಲಿ ಹುಳಿ ಇನ್ನೂ ಹೆಚ್ಚು.

ಮೂರನೆಯ ಕಾರಣ ಹುಳಿಯಲ್ಲ, ಹಸಿಶುಂಠಿ. ಪ್ರೋಟೀನನ್ನು ತುಂಡರಿಸುವ ಒಂದು ಕಿಣ್ವ ಶುಂಠಿಯಲ್ಲಿದೆ. ಚೀನಾದ ದಕ್ಷಿಣ ಭಾಗದಲ್ಲಿ ಬಿಸಿ ಹಾಲಿಗೆ ಶುಂಠಿ ರಸ ಬೆರೆಸಿ, ಹೆಪ್ಪಿಲ್ಲದೆಯೇ ಹಾಲು ಗಟ್ಟಿಯಾಗಿಸಿ ಸಿಹಿ ಮಾಡುತ್ತಾರೆ. ಹಾಲು ಬಿಸಿಯಾಗಿದ್ದು ಇನ್ನೂ ಕುದಿಯದಿರುವಾಗ ಈ ಕಿಣ್ವ ಜೋರಾಗಿ ಕೆಲಸ ಮಾಡುತ್ತದೆ. ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಅದು ಸತ್ತುಹೋಗುತ್ತದೆ, ಶುಂಠಿಯ ಖಾರ ಮಾತ್ರ ಉಳಿಯುತ್ತದೆ. ಆದ್ದರಿಂದ ಶುಂಠಿ ಮೊದಲು ನೀರಿಗೆ ಬೀಳಬೇಕು, ಹಾಲಿಗೆ ಎಂದೂ ಅಲ್ಲ.

ಈಗ ಪರೀಕ್ಷೆಯ ವಿಷಯ. ಎಲ್ಲ ಹಾಲನ್ನು ಒಲೆಗೆ ಇಡುವ ಮೊದಲು ಒಂದು ಸಣ್ಣ ಬಟ್ಟಲಲ್ಲಿ ನಾಲ್ಕು ಚಮಚ ಹಾಲು ಕುದಿಸಿ. ಬಟ್ಟಲನ್ನು ಓರೆ ಮಾಡಿದಾಗ ಬದಿಗೆ ಸಣ್ಣ ಕಾಳುಗಳು ಅಂಟಿಕೊಂಡರೆ ಆ ಹಾಲು ಚಹಾಕ್ಕೆ ಆಗದು. ಹಾಲಿನ ಡೇರಿಗಳಲ್ಲಿಯೂ ಇದನ್ನೇ ಮಾಡುತ್ತಾರೆ. ಗಾಜಿನ ಕೊಳವೆಯಲ್ಲಿ 5 ಮಿ.ಲೀ. ಹಾಲು ಹಾಕಿ, ಕುದಿಯುವ ನೀರಿನಲ್ಲಿ 5 ನಿಮಿಷ ನಿಲ್ಲಿಸಿ ನೋಡುತ್ತಾರೆ. ಹಾಲು ಇದರಲ್ಲಿ ಪಾಸಾದರೆ ಎರಡನೇ ಪರೀಕ್ಷೆ: ಅಡಿಕೆ ಗಾತ್ರದ ಬೆಲ್ಲವನ್ನು ಎರಡು ಚಮಚ ಬಿಸಿ ನೀರಿನಲ್ಲಿ ಕರಗಿಸಿ, ನಾಲ್ಕು ಚಮಚ ಹಾಲು ಸೇರಿಸಿ ಕುದಿಸಿ. ಇಲ್ಲಿ ಒಡೆದರೆ ದೋಷ ಬೆಲ್ಲದ್ದು. ಬೇರೆ ಬೆಲ್ಲ ತರಿಸಿ, ಇಲ್ಲವೇ ಅಂದು ಸಕ್ಕರೆಯ ಚಹಾ ಮಾಡಿ. ಕುದಿಸಿದರೂ ಒಡೆಯದ ಬೆಲ್ಲ ಸಿಕ್ಕರೆ ಮುಂದಿನ ಕೆಲಸ ನಿಶ್ಚಿಂತೆ.

ಅರವತ್ತು ಕಪ್ಪಿನ ಲೆಕ್ಕ ಹೀಗಿದೆ. ಕಪ್ಪಿಗೆ 100 ಮಿ.ಲೀ.ಯಂತೆ 6 ಲೀಟರ್ ಚಹಾ ಬೇಕು. ಇದಕ್ಕೆ ಮೂರೂವರೆ ಲೀಟರ್ ನೀರು, 3 ಲೀಟರ್ ಹಾಲು, 125 ಗ್ರಾಂ ಚಹಾಪುಡಿ, 650 ಗ್ರಾಂ ಬೆಲ್ಲ, 100 ಗ್ರಾಂ ಹಸಿಶುಂಠಿ ಮತ್ತು ಸ್ವಲ್ಪ ಏಲಕ್ಕಿ ತೆಗೆದುಕೊಳ್ಳಿ. ಅರ್ಧ ಲೀಟರಿನಷ್ಟು ನೀರು ಕುದಿಯುವಾಗ ಆವಿಯಾಗಿ ಹೋಗುತ್ತದೆ.

ಜಜ್ಜಿದ ಶುಂಠಿಯನ್ನು ನೀರಿಗೆ ಹಾಕಿ 5 ನಿಮಿಷ ಕುದಿಸಿ. ಬಳಿಕ ಪುಡಿ ಮಾಡಿದ ಬೆಲ್ಲ ಹಾಕಿ, ಪೂರ್ತಿ ಕರಗಿ ಒಂದೆರಡು ಕುದಿ ಬರಲಿ. ಆಮೇಲೆ ಚಹಾಪುಡಿ, ಏಲಕ್ಕಿ ಹಾಕಿ ಎರಡು ಮೂರು ನಿಮಿಷ ಕುದಿಸಿ, ಒಲೆ ಆರಿಸಿ, ಬಟ್ಟೆಯಲ್ಲಿ ಸೋಸಿ. ಬೆಲ್ಲದ ಕಸ, ಮರಳು ಬಟ್ಟೆಯಲ್ಲೇ ಉಳಿಯುತ್ತವೆ. ಇನ್ನೊಂದು ಒಲೆಯಲ್ಲಿ ಹಾಲನ್ನು ಬೇರೆಯಾಗಿ ಕಾಯಿಸಿ, ಉಕ್ಕಿದ ಮೇಲೆ ಇಳಿಸಿ ಐದು ನಿಮಿಷ ಬಿಡಿ.

ಕೂಡಿಸುವಾಗ ಎರಡೂ ಪಾತ್ರೆಗಳು ಒಲೆಯಿಂದ ಕೆಳಗಿರಬೇಕು. ಹಾಲಿನ ಪಾತ್ರೆಗೆ ಚಹಾದ ಕಷಾಯವನ್ನು ಸೌಟಿನಿಂದ ಸ್ವಲ್ಪಸ್ವಲ್ಪವೇ ಹಾಕುತ್ತ ಕಲಕಿ. ಕಷಾಯಕ್ಕೆ ಹಾಲು ಸುರಿದರೆ ಮೊದಲು ಬಿದ್ದ ಹಾಲಿಗೆ ಅಷ್ಟೂ ಹುಳಿ ಒಮ್ಮೆಲೇ ತಗಲುತ್ತದೆ. ಈ ಕ್ರಮದಲ್ಲಿ ಹುಳಿ ನಿಧಾನವಾಗಿ ಹಂಚಿಹೋಗುತ್ತದೆ. ಕೂಡಿಸಿದ ಮೇಲೆ ಮತ್ತೆ ಕುದಿಸಬೇಡಿ. ಅತಿಥಿಗಳು ತಡವಾಗಿ ಬರುವಂತಿದ್ದರೆ ಕೂಡಿಸಿದ ಚಹಾವನ್ನು ಫ್ಲಾಸ್ಕಿಗೆ ತುಂಬಿ, ಅಥವಾ ಕಷಾಯ ಬೇರೆ ಹಾಲು ಬೇರೆ ಇಟ್ಟುಕೊಂಡು ಅವರು ಬಂದಾಗ ಕೂಡಿಸಿ.

ಸೌಟಿನ ಹಿಂಬದಿಯಲ್ಲಿ ರವೆಯಂಥ ಕಾಳು ಕಂಡು, ನಡುವೆ ನೀರು ತಿಳಿಯಾದರೆ ಹಾಲು ಒಡೆದಿದೆ ಎಂದರ್ಥ. ಮೇಲೆ ತೇಲುವ ತೆಳು ಪದರ ಬರಿಯ ಕೆನೆ, ಅದಕ್ಕೆ ಗಾಬರಿ ಬೇಡ. ಒಡೆದದ್ದನ್ನು ಎಷ್ಟು ಕಲಕಿದರೂ ಮತ್ತೆ ಹಾಲಾಗದು. ಕೆಲವರು ಚಿಟಿಕೆ ಅಡುಗೆ ಸೋಡಾ ಹಾಕುತ್ತಾರೆ. ಸೋಡಾ ಹುಳಿಯನ್ನು ಮುರಿಯುವುದು ನಿಜ, ಆದರೆ ಚಹಾ ಕಪ್ಪಾಗಿ ಸಾಬೂನಿನ ರುಚಿ ಬರುತ್ತದೆ. ಕೆಡುತ್ತಿರುವ ಹಾಲಿನ ಹುಳಿಯನ್ನು ಸೋಡಾ ಮುಚ್ಚಿಹಾಕುವುದರಿಂದ ಜನರಿಗೆ ಹಂಚುವ ಚಹಾದಲ್ಲಿ ಅದು ಬೇಡವೆಂಬುದು ನಮ್ಮ ಅಭಿಪ್ರಾಯ.

ಕಾಸರಗೋಡಿನ ಸದಸ್ಯರು ಕೇಳಬಹುದು, ಸಾರು ಪಲ್ಯಗಳಲ್ಲಿ ತೆಂಗಿನ ಹಾಲು ಒಡೆಯುವುದೂ ಹೀಗೆಯೇ ಎಂದು. ಅಲ್ಲಿ ಬಿಸಿಯೇ ಮೊದಲ ಕಾರಣ. ತೆಂಗಿನ ಹಾಲಿನ ಎಣ್ಣೆಯನ್ನು ನೀರಿನಲ್ಲಿ ಹಿಡಿದಿಟ್ಟಿರುವುದು ಅದರ ಪ್ರೋಟೀನು. ಜೋರಾಗಿ ಕುದಿದಾಗ ಅದು ಬೆಂದು ಗಟ್ಟಿಯಾಗಿ, ಎಣ್ಣೆ ಬೇರೆಯಾಗುತ್ತದೆ. ಎರಡನೇ ಸಲ ಹಿಂಡಿದ ತೆಳು ಹಾಲಿನಲ್ಲಿ ತರಕಾರಿ ಬೇಯಿಸಿ, ಮೊದಲು ಹಿಂಡಿದ ದಪ್ಪ ಹಾಲನ್ನು ಕೊನೆಗೆ ಸಣ್ಣ ಉರಿಯಲ್ಲಿ ಹಾಕಿ, ಹಬೆಯಾಡುತ್ತಲೇ ಇಳಿಸುವ ಅಲ್ಲಿಯ ರೂಢಿ ಸರಿಯಾದದ್ದೇ.

ಮುಂದಿನ ಕಾರ್ಯಕ್ರಮದಲ್ಲಿ ಚಹಾದ ಜವಾಬ್ದಾರಿ ಹೊರುವವರು ಬೆಲ್ಲವನ್ನು ಹಿಂದಿನ ದಿನವೇ ತಂದು ಮೇಲಿನಂತೆ ಪರೀಕ್ಷಿಸಿ, ಸರಿಬಂದ ಪೆಂಟೆಯನ್ನಷ್ಟೇ ಅಡುಗೆಮನೆಗೆ ತರಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ