ಅಕ್ಷ ಸರಿದಾಗ ವಾಷರ್ ವಿಧಾನವೋ, ಶೆಲ್ ವಿಧಾನವೋ? ತೆಂಗಿನ ಕಟ್ಟೆಯ ಒಂದು ಲೆಕ್ಕ

ಕಳೆದ ಸೆಮಿಸ್ಟರಿನಲ್ಲಿ ಸಹಪಾಠಿಗಳನ್ನೇ ವಿದ್ಯಾರ್ಥಿಗಳನ್ನಾಗಿ ಕೂರಿಸಿಕೊಂಡು ನಾನು ಮಾಡಿದ ಒಂದು ಅಭ್ಯಾಸ ಪಾಠ ಅರ್ಧದಲ್ಲೇ ಎಡವಿತು. ವಿಷಯ ಪರಿಭ್ರಮಣ ಘನಾಕೃತಿಗಳ ಘನಫಲ. ದ್ವಿತೀಯ ಪಿಯುಸಿ ಪುಸ್ತಕ ಅನುಕಲನದ ಅನ್ವಯವನ್ನು ವಿಸ್ತೀರ್ಣಕ್ಕೆ ನಿಲ್ಲಿಸುತ್ತದೆ. ಘನಫಲ ಬರುವುದು ಪದವಿ ತರಗತಿಯಲ್ಲಿ. ಹಾಗಾಗಿ ಎರಡು ವಿಧಾನಗಳನ್ನೂ ಮೊದಲಿನಿಂದ ಹೇಳಬೇಕಿತ್ತು. ನಾನು ಸುಲಭವಾಗಲಿ ಎಂದು ಕಪ್ಪುಹಲಗೆಯ ಮೇಲೆ ಒಂದು ಸೂತ್ರ ಬರೆದೆ: «ಅಕ್ಷ ಅಡ್ಡವಾಗಿದ್ದರೆ ವಾಷರ್, ನೆಟ್ಟಗಿದ್ದರೆ ಶೆಲ್.» y ಅಕ್ಷದ ಸುತ್ತ ತಿರುಗಿಸಿದ ಎರಡು ಲೆಕ್ಕಗಳು ಸಲೀಸಾಗಿ ಹೋದವು. ಮೂರನೆಯದರಲ್ಲಿ ಅಕ್ಷವನ್ನು ಪಕ್ಕಕ್ಕೆ ಸರಿಸಿದೆ. ತರಗತಿಯಲ್ಲಿ ನಾಲ್ಕು ಬಗೆಯ ಉತ್ತರಗಳು ಬಂದವು. ಯಾವುದು ತಪ್ಪು, ಯಾಕೆ ತಪ್ಪು ಎಂದು ಥಟ್ಟನೆ ಹೇಳಲು ನನಗೇ ಆಗಲಿಲ್ಲ. ವೀಕ್ಷಿಸುತ್ತಿದ್ದ ಮೇಡಂ ಕೊನೆಗೆ ಒಂದೇ ಪ್ರಶ್ನೆ ಕೇಳಿದರು: «ನೀವು ಅಕ್ಷವನ್ನು ನೋಡಿ ವಿಧಾನ ಆರಿಸಿದಿರಿ. ಪಟ್ಟಿಯನ್ನು ಯಾವಾಗ ನೋಡಿದಿರಿ?»

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಪಾಠವನ್ನು ಮತ್ತೆ ಕಟ್ಟಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆ ಸಿಕ್ಕಿದ್ದು ಅಜೆಕಾರಿನ ನಮ್ಮ ಮನೆಯ ಹಿಂದೆಯೇ.

ತೆಂಗಿನ ಬುಡಕ್ಕೆ ಗೊಬ್ಬರ ಹಾಕುವಾಗ ಮರದಿಂದ ಸುಮಾರು 1.8 ಮೀಟರ್ ತ್ರಿಜ್ಯದ ಪಾತಿ ಮಾಡಬೇಕೆಂಬುದು ಸಾಮಾನ್ಯ ಶಿಫಾರಸು. ಪಾತಿಯ ಅಂಚಿನಲ್ಲಿ ನೀರು ಹೊರಹೋಗದಂತೆ ಸುತ್ತಲೂ ಮಣ್ಣಿನ ದಂಡೆ ಎಬ್ಬಿಸುತ್ತೇವೆ. ಆ ದಂಡೆಯನ್ನು ಒಂದು ಕಡೆ ಕತ್ತರಿಸಿ ನೋಡಿದರೆ ಸಣ್ಣ ಗುಡ್ಡದಂಥ ಆಕೃತಿ ಕಾಣುತ್ತದೆ. ಅದೇ ಆಕೃತಿ ಮರವನ್ನು ಒಂದು ಸುತ್ತು ಸುತ್ತಿದರೆ ಇಡೀ ದಂಡೆಯಾಗುತ್ತದೆ. ಎಷ್ಟು ಮಣ್ಣು ಬೇಕು ಎಂಬುದೇ ಲೆಕ್ಕ.

ಇಲ್ಲಿ ಅಕ್ಷ ತಾನಾಗಿಯೇ ಸರಿದಿದೆ. ದಂಡೆಯ ಆಕಾರವನ್ನು ಬರೆಯಲು ಅದರ ಒಳಬುಡವನ್ನು x = 0 ಎಂದು ಇಟ್ಟುಕೊಳ್ಳುವುದು ಅನುಕೂಲ. ಆದರೆ ಅದು ಸುತ್ತುವುದು ದೂರದಲ್ಲಿರುವ ಮರವನ್ನು. ಅಳತೆಗಳನ್ನು ಡೆಸಿಮೀಟರಿನಲ್ಲಿ ಇಡೋಣ. ಒಂದು ಘನ ಡೆಸಿಮೀಟರ್ ಎಂದರೆ ಒಂದು ಲೀಟರ್, ಹಾಗಾಗಿ ಉತ್ತರ ನೇರವಾಗಿ ಲೀಟರಿನಲ್ಲೇ ಬರುತ್ತದೆ. ದಂಡೆಯ ಅಗಲ 4 (ಅಂದರೆ 40 ಸೆಂ.ಮೀ.), ನಡುವಿನ ಎತ್ತರ 2 (20 ಸೆಂ.ಮೀ.). ಆಕಾರವನ್ನು ಹೀಗೆ ತೆಗೆದುಕೊಳ್ಳಬಹುದು:

y = x(4 − x)/2, 0 ≤ x ≤ 4

ಮರದ ನಡುಗೆರೆ x = −18.

ಈಗ ಮೇಡಂ ಕೇಳಿದ ಪಟ್ಟಿಯ ಮಾತು. ಈ ಆಕೃತಿಯನ್ನು ನೆಟ್ಟಗಿನ ತೆಳು ಪಟ್ಟಿಗಳಾಗಿ ಸೀಳಬಹುದು, ಅಡ್ಡ ಪಟ್ಟಿಗಳಾಗಿಯೂ ಸೀಳಬಹುದು. ನೆಟ್ಟಗಿನ ಪಟ್ಟಿ ಅಕ್ಷಕ್ಕೆ ಸಮಾಂತರ. ಅದು ಮರವನ್ನು ಸುತ್ತಿದಾಗ ಟೊಳ್ಳು ಕೊಳವೆಯಂಥ ತೆಳುವಾದ ಚಿಪ್ಪು ಆಗುತ್ತದೆ, ಇದೇ ಶೆಲ್. ಅದನ್ನು ಕತ್ತರಿಸಿ ಬಿಡಿಸಿ ಹಾಸಿದರೆ ಉದ್ದ 2π × ತ್ರಿಜ್ಯ, ಎತ್ತರ y, ದಪ್ಪ dx. ಅಡ್ಡ ಪಟ್ಟಿ ಅಕ್ಷಕ್ಕೆ ಲಂಬ. ಅದು ಸುತ್ತಿದಾಗ ನಡುವೆ ತೂತಿರುವ ಚಪ್ಪಟೆ ಬಳೆ ಆಗುತ್ತದೆ, ಇದೇ ವಾಷರ್. ಅದರ ಘನಫಲ π(R² − r²)dy. ಪಟ್ಟಿಯನ್ನು ಆರಿಸಿದ ಮೇಲೆ ವಿಧಾನ ತಾನಾಗಿ ಬರುತ್ತದೆ. ನಾನು ಇದನ್ನು ತಿರುವುಮುರುವು ಮಾಡಿ, ವಿಧಾನ ಮೊದಲು ಆರಿಸಿ ಪಟ್ಟಿಯನ್ನು ಆಮೇಲೆ ತುರುಕಿದ್ದೆ.

ಶೆಲ್‌ನಿಂದ ಮಾಡೋಣ. x ಎಂಬಲ್ಲಿರುವ ಪಟ್ಟಿಗೂ ಮರಕ್ಕೂ ಇರುವ ದೂರ x − (−18), ಅಂದರೆ x + 18.

V = 2π ∫₀⁴ (x + 18) · x(4 − x)/2 dx = 2π(32/3 + 96) = 640π/3

ಸುಮಾರು 670 ಲೀಟರ್. ಹದಿನೈದು ಲೀಟರ್ ಹಿಡಿಯುವ ಬುಟ್ಟಿಯಲ್ಲಿ ನಲವತ್ತೈದು ಬುಟ್ಟಿ ಮಣ್ಣು.

ಇನ್ನು ವಾಷರ್. ಅಡ್ಡ ಪಟ್ಟಿಯ ಎರಡು ತುದಿಗಳು ಬೇಕು, ಆದ್ದರಿಂದ ಸಮೀಕರಣವನ್ನು x ಗಾಗಿ ಬಿಡಿಸಬೇಕು: x = 2 ± √(4 − 2y). ಎರಡು ತುದಿಗೂ 18 ಸೇರಿಸಿದರೆ R = 20 + √(4 − 2y), r = 20 − √(4 − 2y). ವರ್ಗಗಳ ವ್ಯತ್ಯಾಸ 80√(4 − 2y).

V = π ∫₀² 80√(4 − 2y) dy = 80π · 8/3 = 640π/3

ಅದೇ ಉತ್ತರ. ಎರಡೂ ವಿಧಾನ ಸರಿ. ಆದರೆ ಅಕ್ಷ ಸರಿದದ್ದು ಎಲ್ಲಿ ಕಾಣಿಸಿಕೊಂಡಿತು ನೋಡಿ. ಶೆಲ್‌ನಲ್ಲಿ ಒಂದೇ ಜಾಗದಲ್ಲಿ, ತ್ರಿಜ್ಯದಲ್ಲಿ. ಎತ್ತರ ಮೊದಲಿನಂತೆಯೇ ಉಳಿಯಿತು. ವಾಷರ್‌ನಲ್ಲಿ ಎರಡು ಜಾಗದಲ್ಲಿ, ಮತ್ತು ಎರಡೂ ವರ್ಗದ ಒಳಗೆ. ನಮ್ಮ ತರಗತಿಯ ತಪ್ಪುಗಳೆಲ್ಲ ಹುಟ್ಟಿದ್ದು ಈ ಜಾಗಗಳಲ್ಲೇ. ಅವನ್ನು ದಂಡೆಯ ಲೆಕ್ಕದಲ್ಲಿ ಮತ್ತೆ ಮಾಡಿಸಿ ನೋಡಿದೆ.

ಮೊದಲನೆಯದು, ಅಭ್ಯಾಸಬಲದಿಂದ ತ್ರಿಜ್ಯವನ್ನು x ಎಂದೇ ಬರೆಯುವುದು. ಆಗ ಉತ್ತರ 64π/3, ಸುಮಾರು 67 ಲೀಟರ್. ತೋಟದ ಕೆಲಸ ಗೊತ್ತಿರುವ ಗೆಳತಿಯೊಬ್ಬಳು ಉತ್ತರ ನೋಡಿದವಳೇ ನಕ್ಕಳು: «ನಾಲ್ಕೂವರೆ ಬುಟ್ಟಿ ಮಣ್ಣಲ್ಲಿ ಒಂದು ಮರದ ಕಟ್ಟೆ ಮುಗಿಯುತ್ತದಾ ಮಾರಾಯ್ತಿ?» ಈ ತಪ್ಪನ್ನು ಅಂದಾಜೇ ಹಿಡಿದುಕೊಡುತ್ತದೆ.

ಎರಡನೆಯದು ವಾಷರ್‌ನಲ್ಲಿ R² − r² ಬದಲು (R − r)² ಬರೆಯುವುದು. ಕಳೆಯುವಾಗ 20 ಮತ್ತು 20 ಹೊಡೆದುಹೋಗಿ 4(4 − 2y) ಉಳಿಯುತ್ತದೆ, ಉತ್ತರ 16π, ಸುಮಾರು 50 ಲೀಟರ್. ಇದನ್ನು ಹಿಡಿಯುವ ಗುರುತು ಇನ್ನೂ ಸ್ಪಷ್ಟ: ಲೆಕ್ಕದಿಂದ ಮರವೇ ಮಾಯವಾಗಿದೆ! ಮರ ಎರಡು ಮೀಟರ್ ದೂರವಿರಲಿ, ಇಪ್ಪತ್ತು ಮೀಟರ್ ದೂರವಿರಲಿ, ಈ ಉತ್ತರ ಬದಲಾಗುವುದಿಲ್ಲ.

ಮೂರನೆಯದು ಅಪಾಯಕಾರಿ. ಅಕ್ಷ −18 ರಲ್ಲಿದೆ ಎಂದು ತ್ರಿಜ್ಯವನ್ನು x − 18 ಎಂದು ಬರೆಯುತ್ತಾರೆ. ಉತ್ತರ −512π/3 ಬರುತ್ತದೆ. ಘನಫಲ ಋಣವಾಗದು ಎಂದು ಚಿಹ್ನೆಯನ್ನು ತೆಗೆದುಹಾಕಿ ಸುಮಾರು 536 ಲೀಟರ್ ಎಂದು ಬರೆದುಬಿಡುತ್ತಾರೆ. ಇದು ನಂಬುವಂತೆಯೇ ಇದೆ, ಅಂದಾಜಿಗೆ ಸಿಕ್ಕಿಬೀಳುವುದಿಲ್ಲ. ನಿಜಕ್ಕೆ ಅದು ದಂಡೆಯ ಇನ್ನೊಂದು ಬದಿಯಲ್ಲಿ, x = 18 ರಲ್ಲಿ ಮರವಿದ್ದರೆ ಬರುವ ಉತ್ತರ. ಋಣ ಚಿಹ್ನೆ ಬಂದರೆ ಅದನ್ನು ಅಳಿಸಬಾರದು, ಚಿತ್ರಕ್ಕೆ ಮರಳಬೇಕು.

ಇಂಥದ್ದಕ್ಕೆ ಅಲೆಕ್ಸಾಂಡ್ರಿಯಾದ ಪ್ಯಾಪಸ್ ಹೆಸರಿನ ಪ್ರಮೇಯ ಒಳ್ಳೆಯ ತಪಾಸಣೆ. ಆಕೃತಿ ಅಕ್ಷದ ಒಂದೇ ಬದಿಯಲ್ಲಿದ್ದರೆ, ಘನಫಲವು ಆಕೃತಿಯ ವಿಸ್ತೀರ್ಣವನ್ನು ಅದರ ಗುರುತ್ವಕೇಂದ್ರ ಸುತ್ತುವ ದಾರಿಯ ಉದ್ದದಿಂದ ಗುಣಿಸಿದಷ್ಟು. ದಂಡೆಯ ಅಡ್ಡಕೊಯ್ತದ ವಿಸ್ತೀರ್ಣ 16/3. ಎರಡೂ ಬದಿ ಒಂದೇ ಸಮ ಇರುವುದರಿಂದ ಗುರುತ್ವಕೇಂದ್ರ x = 2 ರ ಮೇಲೆ, ಮರದಿಂದ 20 ದೂರ. 2π · 20 · 16/3 = 640π/3. ಬಾಯಿಲೆಕ್ಕದಲ್ಲೇ ಮುಗಿಯಿತು. ಇದರಿಂದಲೇ ಇನ್ನೊಂದು ಮಾತೂ ತಿಳಿಯುತ್ತದೆ: ಅಕ್ಷವನ್ನು ಒಂದು ಮಾನ ದೂರ ಸರಿಸಿದರೆ ಘನಫಲ ಪ್ರತಿ ಸಲವೂ 2π × ವಿಸ್ತೀರ್ಣದಷ್ಟು, ಇಲ್ಲಿ ಸುಮಾರು 33.5 ಲೀಟರ್, ಹೆಚ್ಚಬೇಕು.

ಹಾಗಾದರೆ ಆಯ್ಕೆ ನಿಜಕ್ಕೂ ಮುಖ್ಯವಾಗುವುದು ಯಾವಾಗ? ದಂಡೆಯ ಆಕಾರವನ್ನು ಸ್ವಲ್ಪ ಬದಲಿಸಿ ನೋಡೋಣ. ಒಳಬದಿ ಕಡಿದಾಗಿ, ಹೊರಬದಿ ಇಳಿಜಾರಾಗಿ ಇರಲಿ:

y = x(4 − x)²/4

ಅಡ್ಡ ಪಟ್ಟಿಯ ತುದಿಗಳು ಬೇಕೆಂದರೆ ಈಗ ಒಂದು ಘನ ಸಮೀಕರಣವನ್ನು x ಗಾಗಿ ಬಿಡಿಸಬೇಕು. ಅಲ್ಲಿಗೆ ವಾಷರ್‌ನ ದಾರಿ ಮುಚ್ಚಿದಂತೆಯೇ. ನೆಟ್ಟಗಿನ ಪಟ್ಟಿಗೆ ಯಾವ ತೊಂದರೆಯೂ ಇಲ್ಲ, ಬುಡ ನೆಲದ ಮೇಲೆ, ತುದಿ ವಕ್ರರೇಖೆಯ ಮೇಲೆ.

V = 2π ∫₀⁴ (x + 18) · x(4 − x)²/4 dx = 2π(128/15 + 96) = 3136π/15

ಸುಮಾರು 657 ಲೀಟರ್. ಅಡ್ಡಕೊಯ್ತದ ವಿಸ್ತೀರ್ಣ ಮೊದಲಿನಷ್ಟೇ, 16/3. ಆದರೂ ಹದಿಮೂರು ಲೀಟರ್ ಕಡಿಮೆ ಸಾಕಾಯಿತು, ಏಕೆಂದರೆ ಹೆಚ್ಚು ಮಣ್ಣು ಮರದ ಹತ್ತಿರ ಬಂದು ಸಣ್ಣ ಸುತ್ತು ಹಾಕುತ್ತಿದೆ.

ಇಷ್ಟಕ್ಕೇ ನಿಂತರೆ «ನೆಟ್ಟಗಿನ ಅಕ್ಷಕ್ಕೆ ಶೆಲ್» ಎಂಬ ನನ್ನ ಹಳೆಯ ಸೂತ್ರವೇ ಗೆದ್ದಂತೆ ಕಾಣುತ್ತದೆ. ಅದಕ್ಕೆ ಪಾಠದ ಕೊನೆಗೆ ತದ್ವಿರುದ್ಧವಾದ ಒಂದು ಲೆಕ್ಕ ಇಟ್ಟೆ. x = y² ಮತ್ತು x = y + 2 ಇವುಗಳ ನಡುವಿನ ಪ್ರದೇಶವನ್ನು x = −1 ರ ಸುತ್ತ ತಿರುಗಿಸಬೇಕು. ಅಕ್ಷ ನೆಟ್ಟಗೇ ಇದೆ. ಆದರೆ ನೆಟ್ಟಗಿನ ಪಟ್ಟಿಯನ್ನು ಎಡದಿಂದ ಬಲಕ್ಕೆ ಸರಿಸುತ್ತಾ ಹೋಗಿ. x = 1 ರವರೆಗೆ ಅದರ ಎರಡೂ ತುದಿ ಪರವಲಯದ ಮೇಲಿರುತ್ತವೆ. ಅಲ್ಲಿಂದಾಚೆ ಕೆಳತುದಿ ಸರಳರೇಖೆಗೆ ಹಾರುತ್ತದೆ. ಶೆಲ್‌ನಿಂದ ಮಾಡಲು ಎರಡು ಅನುಕಲನ ಬೇಕು. ಅಡ್ಡ ಪಟ್ಟಿಯ ಎಡತುದಿ ಸದಾ ಪರವಲಯದ ಮೇಲೆ, ಬಲತುದಿ ಸದಾ ಸರಳರೇಖೆಯ ಮೇಲೆ. ಆದ್ದರಿಂದ r = y² + 1, R = y + 3, ಒಂದೇ ಅನುಕಲನ:

V = π ∫₋₁² [(y + 3)² − (y² + 1)²] dy = 117π/5

ನನ್ನ ಹೊಸ ಪಾಠಯೋಜನೆಯಲ್ಲಿ ಕ್ರಮ ಹೀಗಿದೆ. ಮೊದಲು ಅಕ್ಷವನ್ನು ತೋರಿಸದೆ ಪ್ರದೇಶವನ್ನಷ್ಟೇ ಬಿಡಿಸಿ, ಯಾವ ದಿಕ್ಕಿನ ಪಟ್ಟಿಯ ತುದಿಗಳು ಹಾರುವುದಿಲ್ಲ, ಯಾವ ದಿಕ್ಕಿನಲ್ಲಿ ಸಮೀಕರಣ ಬಿಡಿಸಲು ಬರುತ್ತದೆ ಎಂದು ಕೇಳುತ್ತೇನೆ. ಪಟ್ಟಿ ತೀರ್ಮಾನವಾದ ಮೇಲೆ ಅಕ್ಷವನ್ನು ಎಳೆಯುತ್ತೇನೆ. ಸಮಾಂತರವಾದರೆ ಶೆಲ್, ಲಂಬವಾದರೆ ವಾಷರ್. ಆಮೇಲೆ ಅಕ್ಷದಿಂದ ಪಟ್ಟಿಗೆ ಒಂದು ಬಾಣ ಎಳೆದು ಅದರ ಉದ್ದವನ್ನು ಬರೆಸುತ್ತೇನೆ, ವಾಷರ್ ಆದರೆ ಎರಡು ಬಾಣ. ಅನುಕಲನ ಚಿಹ್ನೆ ಬರೆಯುವುದು ಆ ಬಾಣಗಳ ನಂತರವೇ.

ಎರಡನೇ ಬಾರಿ ಪಾಠ ಮಾಡಿದಾಗಲೂ ಇಬ್ಬರು x − 18 ಬರೆದರು. ಆದರೆ ಈ ಸಲ ನಾನು ಉತ್ತರ ಹೇಳಬೇಕಾಗಲಿಲ್ಲ. ಅವರ ಚಿತ್ರದಲ್ಲಿ ಬಾಣ ಮರದಿಂದ ದಂಡೆಯವರೆಗೆ ಇತ್ತು. x = 0 ಹಾಕಿ ಆ ಬಾಣದ ಉದ್ದ ಎಷ್ಟೆಂದು ಕೇಳಿದೆ. −18 ಎಂದು ಹೇಳಲು ಬಾಯಿ ತೆರೆದವರು ಅಲ್ಲಿಯೇ ನಿಂತು, ಪೆನ್ಸಿಲ್ ತೆಗೆದುಕೊಂಡು ತಾವೇ ತಿದ್ದಿಕೊಂಡರು.