ಯಾವ ಪರೀಕ್ಷೆ ಈಗಲೇ, ಯಾವುದು ರಾತ್ರಿಗೆ?

ಮೊಬೈಲ್ ಆ್ಯಪ್‌ಗಳು ಮಾಹಿತಿ ಕೂಡಿಡಲು ಬಹಳಷ್ಟು ಬಳಸುವ ಡೇಟಾಬೇಸ್ ಎಸ್‌ಕ್ಯೂಲೈಟ್. ಅದರ ತಂಡ ಹೊಸ ಕೋಡ್ ಸೇರಿಸುವ ಮುನ್ನ `veryquick` ಎಂಬ ಪರೀಕ್ಷೆಗಳ ಗುಂಪನ್ನು ಓಡಿಸುತ್ತದೆ. ಕೆಲವೇ ನಿಮಿಷಗಳ ಕೆಲಸ; ಹೆಚ್ಚಿನ ದೋಷಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಹೊರಗುಳಿದದ್ದೇನು? ಮೆಮೊರಿ ಸಿಗದಿದ್ದರೆ ಏನಾಗುತ್ತದೆ ಎಂದು ನೋಡುವ ಪರೀಕ್ಷೆ ಅಂಥದ್ದೊಂದು. ಪ್ರೋಗ್ರಾಂ ಮೊದಲ ಸಲ ಮೆಮೊರಿ ಕೇಳಿದಾಗ ಬೇಕೆಂದೇ ನಿರಾಕರಿಸುತ್ತಾರೆ. ಮುಂದಿನ ಸುತ್ತಿನಲ್ಲಿ ಎರಡನೇ ಸಲ, ಆಮೇಲೆ ಮೂರನೇ ಸಲ. ನಿರಾಕರಣೆಯೇ ಎದುರಾಗದೆ ಕೆಲಸ ಮುಗಿಯುವವರೆಗೂ ಸುತ್ತುಗಳು ಬೆಳೆಯುತ್ತವೆ. ಪ್ರತಿ ಬದಲಾವಣೆಗೂ ಇಷ್ಟು ಕಾಯಿಸಿದರೆ ಪ್ರೋಗ್ರಾಮರುಗಳು ಹತ್ತಾರು ಬದಲಾವಣೆಗಳನ್ನು ಒಟ್ಟಿಗೆ ಸೇರಿಸತೊಡಗುತ್ತಾರೆ. ಆಗ ತಪ್ಪು ಯಾವುದರದ್ದೆಂದು ಹುಡುಕುವುದೇ ಕಷ್ಟ. ಇಂಥವು ರಾತ್ರಿಯ ಸರದಿಗೇ ಸರಿ.

ಆದರೆ ಮೆಮೊರಿ ಹಂಚುವ ಕೋಡನ್ನೇ ಮುಟ್ಟಿದ ದಿನ ರಾತ್ರಿಯವರೆಗೆ ಕಾಯಬಾರದು. ರಾತ್ರಿ ಸಿಕ್ಕ ದೋಷವನ್ನು ಹಿಡಿಯುವ ಪುಟ್ಟ ಪರೀಕ್ಷೆಯೊಂದನ್ನು ಬರೆದು, ಅದನ್ನು ಹಗಲಿನ ಗುಂಪಿಗೆ ಸೇರಿಸಬೇಕು.